ಸಿದ್ದೇಶ್ವರಿಯ ಜೂನ್ ಮೆಟ್ಟಿಲು

ಸಿದ್ದೇಶ್ವರಿಗೆ ಹದಿನೆಂಟು ತುಂಬಿದೆ ಎಂದು ಕಂಪ್ಯೂಟರ್ ಹೇಳಿತು. ಅವಳಪ್ಪ ಮಡೆಪ್ಪ ಹದಿನಾರು ಎಂದ. ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನು, ಅನ್ವರಿ ಬೇಗಂ. ಬೀದರಿನ ಉದಗೀರ ರಸ್ತೆಯಲ್ಲಿ ನನ್ನದೊಂದು ಸಣ್ಣ ಆಫೀಸು ಇದೆ. ಮೊದಲು ಮನೆ ಮನೆ ತಿರುಗಿ ಪೋಸ್ಟಾಫೀಸಿನ ಆರ್.ಡಿ. ಕಟ್ಟಿಸಿಕೊಳ್ಳುತ್ತಿದ್ದೆ, ಆಮೇಲೆ ಪರೀಕ್ಷೆ ಬರೆದು ಪಾಸಾಗಿ ಮ್ಯೂಚುವಲ್ ಫಂಡ್ ಮಾಡಿಸುವುದಕ್ಕೆ ಬಂದೆ. ನನ್ನ ನಾಲಗೆ ಸ್ವಲ್ಪ ಖಾರ ಎಂದು ಊರಿನವರು ಹೇಳುತ್ತಾರೆ. ಆದರೂ ಬರುತ್ತಾರೆ.

ಮಡೆಪ್ಪ ಔರಾದ ತಾಲೂಕಿನವನು. ಒಣಬೇಸಾಯದ ಹೊಲ, ಕುರಿ ಹಿಂಡು, ಒಬ್ಬಳೇ ಮಗಳು. ಅವನು ಮೊದಲ ಸಲ ನನ್ನಲ್ಲಿಗೆ ಬಂದದ್ದು ಕೊರೊನಾ ಲಾಕ್‌ಡೌನ್ ಸಡಿಲವಾದ ಆ ಜೂನ್‌ನಲ್ಲಿ. ಜೊತೆಗೆ ಅವನ ತಾಯಿ ಭೀಮಬಾಯಿ. ಸೆರಗನ್ನೇ ಮಾಸ್ಕಿನ ಹಾಗೆ ಮೂಗಿಗೆ ಕಟ್ಟಿಕೊಂಡು, ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತ ಮುದುಕಿ. ಮಾತಾಡಿದ್ದೆಲ್ಲ ಅವಳೇ.

"ನನ್ನ ಮೊಮ್ಮಗಳು ಹುಟ್ಟಿದಾಗ ನಾ ಆಕಿಗಿ ಒಂದು ಕುರಿ ಕೊಟ್ಟೀನಿ. ಆ ಕುರಿ ಈದು, ಅದರ ಮರಿ ಈದು, ಈಗ ಅರ್ಧ ಹಿಂಡು ಆಕಿದೇ ಆಗ್ಯಾದ. ಹುಡುಗಿ ಎಂಟನೇ ಕ್ಲಾಸಿಗಿ ಭಾಲ್ಕಿ ಹಾಸ್ಟೆಲ್‌ಗಿ ಹೊಂಟಾಳ. ಇನ್ನ ಅಷ್ಟೂ ಕುರಿ ಕಾಯೋರು ಯಾರ್ರಿ? ಬಕ್ರೀದ್ ಬಾಜಾರದಾಗ ಆಕಿ ಪಾಲು ಮಾರಿ ಬಂದೇವಿ. ರೊಕ್ಕ ಆಕಿ ಹೆಸರಿಗೇ ಇರ್ಲಿ, ಇವನ ಹೆಸರಿಗಿ ಬ್ಯಾಡ."

ಮಡೆಪ್ಪ ತಲೆ ತಗ್ಗಿಸಿ ನಕ್ಕ. ತಾಯಿಯ ಮುಂದೆ ಅವನದು ಯಾವತ್ತೂ ಅದೇ ಉತ್ತರ.

ನಾಲ್ಕು ಲಕ್ಷ ರೂಪಾಯಿ ಇತ್ತು. ಯಾವಾಗ ಬೇಕು ಎಂದು ಕೇಳಿದೆ. ಹುಡುಗಿ ಪಿಯುಸಿ ಮುಗಿಸಿದ ಮೇಲೆ ಬಿ.ಫಾರ್ಮಸಿ ಓದಬೇಕು, ಔರಾದಿನಲ್ಲಿ ಸ್ವಂತ ಮೆಡಿಕಲ್ ಇಡಬೇಕು ಎಂದಳು ಮುದುಕಿ. ಹಳ್ಳಿಯಿಂದ ಒಂದು ಮಾತ್ರೆಗಾಗಿ ಔರಾದಿಗೆ ಬಂದು, ಮೆಡಿಕಲ್ ಮುಚ್ಚಿದೆ ಎಂದು ಬರಿಗೈಯಲ್ಲಿ ಹೋದದ್ದರ ಸಿಟ್ಟು ಅವಳಿಗೆ ಇನ್ನೂ ಇತ್ತು. ಅಂದರೆ ಬರೋಬ್ಬರಿ ಐದು ವರ್ಷ, ಎರಡು ಸಾವಿರದ ಇಪ್ಪತ್ತೈದರ ಜೂನ್ ತಿಂಗಳು. ಕಾಲೇಜಿನವರು ಷೇರುಪೇಟೆ ಏರಲಿ ಎಂದು ಯಾರಿಗೂ ಕಾಯುವುದಿಲ್ಲ.

ಹೀಗಾಗಿ ನಾನು ಹಾಕಿಕೊಟ್ಟ ದಾರಿ ಇದು. ನೂರಕ್ಕೆ ಅರವತ್ತು ಭಾಗ ದೊಡ್ಡ ಕಂಪನಿಗಳ ಷೇರಿನ ಫಂಡ್‌ಗೆ. ಉಳಿದ ನಲವತ್ತು ಡೆಟ್ ಫಂಡ್‌ಗೆ, ಅಂದರೆ ಸರ್ಕಾರವೂ ಗಟ್ಟಿ ಕಂಪನಿಗಳೂ ಸಾಲ ತೆಗೆದುಕೊಂಡು ಬರೆದುಕೊಡುವ ಬಡ್ಡಿ ಪತ್ರಗಳನ್ನು ಕೊಳ್ಳುವ ಫಂಡ್. ಅದು ನಿಧಾನ ಬೆಳೆಯುತ್ತದೆ, ಷೇರಿನ ಹಾಗೆ ಧೊಪ್ಪನೆ ಬೀಳುವುದಿಲ್ಲ. ಪ್ರತಿ ಜೂನ್‌ಗೆ ಷೇರಿನ ಪಾಲನ್ನು ಒಂದೊಂದು ಮೆಟ್ಟಿಲು ಇಳಿಸುವುದು. ಅರವತ್ತು ಇದ್ದದ್ದು ಐವತ್ತು, ಆಮೇಲೆ ನಲವತ್ತು, ಇಪ್ಪತ್ತೈದು, ಹತ್ತು, ಕೊನೆಯ ಜೂನ್‌ಗೆ ಸೊನ್ನೆ. ಇಳಿಸಿದ್ದೆಲ್ಲ ಡೆಟ್‌ಗೆ ಹೋಗುತ್ತದೆ. ಮೊದಲಲ್ಲಿ ಪೇಟೆ ಬಿದ್ದರೆ ಏಳುವುದಕ್ಕೆ ಕಾಲ ಇರುತ್ತದೆ. ಕೊನೆಯಲ್ಲಿ ಬಿದ್ದರೆ ಕಾಲ ಇರುವುದಿಲ್ಲ, ಆದ್ದರಿಂದ ಕೊನೆಯಲ್ಲಿ ಬೀಳುವುದಕ್ಕೆ ಅಲ್ಲಿ ಏನೂ ಇರಬಾರದು. ಇದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ. ಷೇರು ಫಂಡ್‌ನಲ್ಲಿ ನನಗೆ ಕಮಿಷನ್ ಹೆಚ್ಚು, ಡೆಟ್‌ನಲ್ಲಿ ಕಡಿಮೆ. ಪ್ರತಿ ಜೂನ್‌ಗೂ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುವ ಕೆಲಸ ಎಂದು ನನ್ನ ಗಂಡ ನಗುತ್ತಿದ್ದರು.

ಭೀಮಬಾಯಿ ಕೇಳಿದ್ದು ಒಂದೇ ಪ್ರಶ್ನೆ. "ನಡುವ ಇವನು ತಗೀಲಿಕ್ಕಿ ಬರ್ತದೇನು?"

"ಹುಡುಗಿಗಿ ಹದಿನೆಂಟು ಆಗೋತನಕ ಅಪ್ಪನ ಸಹಿ ನಡೀತದ್ರಿ. ಆದ್ರ ತಗದ ರೊಕ್ಕ ಆಕಿ ಖಾತಿಗೇ ಬೀಳ್ತದ. ಹದಿನೆಂಟು ಆದ ಮ್ಯಾಲ ಆಕಿ ಸಹಿ ಅಷ್ಟೇ."

"ಬಸ್," ಎಂದು ಮುದುಕಿ ಮೊಣಕಾಲು ಹಿಡಿದು ಎದ್ದಳು.

ಹುಟ್ಟಿದ ತಾರೀಖಿಗೆ ಶಾಲೆಯ ದಾಖಲೆ ಕೊಟ್ಟರು. ಜೂನ್ ಒಂದು, ಎರಡು ಸಾವಿರದ ಆರು. ನಮ್ಮ ಕಡೆ ಅರ್ಧ ಜಿಲ್ಲೆ ಜೂನ್ ಒಂದಕ್ಕೇ ಹುಟ್ಟಿದೆ, ನಮ್ಮ ಮಾಸ್ತರರ ಪುಣ್ಯ. ನಾನೂ ಜೂನ್ ಒಂದರವಳೇ. ಅದಕ್ಕೇ ಏನೂ ಕೇಳಲಿಲ್ಲ.

ಆಮೇಲೆ ಪ್ರತಿ ಜೂನ್ ಮೊದಲ ವಾರ ಮಡೆಪ್ಪ ಔರಾದಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಬಿಳಿ ಅಂಗಿ, ತಲೆಗೆ ರುಮಾಲು, ಕೈಯಲ್ಲಿ ನನಗೊಂದು ಗಂಟು ತೊಗರಿ ಬೇಳೆ. ಮೊಬೈಲಿನಲ್ಲಿ ಒತ್ತಿದರೆ ಆಗುವ ಕೆಲಸ ಎಂದರೆ ಅವನಿಗೆ ನಂಬಿಕೆ ಇಲ್ಲ, ಕಾಗದದ ಮೇಲೆ ಸಹಿ ಆಗಬೇಕು. ಒಂದೊಂದೇ ಅಕ್ಷರ ಕೂಡಿಸಿ 'ಮಡೆಪ್ಪ' ಎಂದು ಬರೆದು, ಅದನ್ನು ಊದಿ ಒಣಗಿಸಿ ಕೊಡುತ್ತಿದ್ದ. "ಜೂನ್ ಕೆಲಸ ಆಯ್ತಲ್ರಿ ಬೇಗಂ ಬಾಯಿ?" ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದ.

ಎರಡನೇ ಮೆಟ್ಟಿಲಿಗೆ ಮಾತ್ರ ಜಗಳ ಆಯಿತು. ಆ ಜೂನ್‌ನಲ್ಲಿ ಪೇಟೆ ಕೆಳಗೆ ಬಿದ್ದಿತ್ತು. "ಬಿದ್ದಾಗ ಮಾರ್ತಾರೇನ್ರಿ ಯಾರಾದರೂ? ಕುರಿ ಬಡಕಾದಾಗ ನಾ ಬಾಜಾರಕ್ಕ ಒಯ್ಯಂಗಿಲ್ಲ," ಎಂದ.

"ಎಲ್ಲಾ ಮಾರೂದಿಲ್ಲೋ ಮಾರಾಯಾ, ಒಂದು ಮೆಟ್ಟಲು. ನಾವು ಪ್ಯಾಟಿ ಮುಖ ನೋಡಿ ಇಳ್ಯೂದಿಲ್ಲ, ಕ್ಯಾಲೆಂಡರ್ ನೋಡಿ ಇಳೀತೇವಿ. ಪ್ಯಾಟಿ ನೋಡಿಕೋತ ಕುಂತ್ರ ಏರಿದಾಗ ಆಸಿ ಬಿಡೂದಿಲ್ಲ, ಇಳದಾಗ ಹೆದರಿಕಿ ಬಿಡೂದಿಲ್ಲ. ಹುಡುಗಿ ಕಾಲೇಜ್ ಬಾಗಲಾಗ ನಿಂತಿರ್ತಾಳ, ನೀ ಇನ್ನೂ ಇಲ್ಲೇ ಕುಂತಿರ್ತಿ."

ಗೊಣಗುತ್ತಾ ಸಹಿ ಮಾಡಿದ. ಮರುವರ್ಷ ಪೇಟೆ ಏರಿದಾಗ "ಆಗ ಮಾರಬಾರದಿತ್ತು ನೋಡ್ರಿ" ಎಂದು ಚುಚ್ಚಿದ. ಚುಚ್ಚಲಿ. ಅವನ ಮಾತು ಸುಳ್ಳೂ ಅಲ್ಲ. ಮೆಟ್ಟಿಲು ಇಳಿಯುವವರು ಒಂದಿಷ್ಟು ಲಾಭ ಬಿಟ್ಟೇ ಇಳಿಯಬೇಕು, ನಿಶ್ಚಿಂತೆ ಯಾರಿಗೂ ಪುಕ್ಕಟೆ ಸಿಗುವುದಿಲ್ಲ.

ನಾಲ್ಕನೇ ಮೆಟ್ಟಿಲಿನ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ನಾಲ್ಕರ ಮೇ ತಿಂಗಳಲ್ಲಿ, ನಾನೇ ಫೋನ್ ಮಾಡಿದೆ. ಜೂನ್ ಒಂದಕ್ಕೆ ಹುಡುಗಿಗೆ ಹದಿನೆಂಟು. ಅಂದಿನಿಂದ ಖಾತೆ ಬಂದ್. ಅವಳು ತನ್ನ ಹೆಸರಿಗೆ ಕೆ.ವೈ.ಸಿ. ಮಾಡಿಸಿ, ಬ್ಯಾಂಕ್ ಖಾತೆ ಬದಲಿಸಿ, ತನ್ನ ಸಹಿಗೆ ಬ್ಯಾಂಕಿನ ಮೊಹರು ಹಾಕಿಸಿ ಕೊಡುವ ತನಕ ಒಂದು ರೂಪಾಯಿ ಅತ್ತಿತ್ತ ಆಗುವುದಿಲ್ಲ. ಆದ್ದರಿಂದ ಈ ಸಲದ ಮೆಟ್ಟಿಲನ್ನು ಮೇ ತಿಂಗಳಲ್ಲೇ ಇಳಿದುಬಿಡೋಣ ಎಂದೆ.

ಮಡೆಪ್ಪ ಫೋನಿನಲ್ಲೇ ನಕ್ಕ. "ಹದಿನೆಂಟು ಎಲ್ಲಿದ್ರಿ ಬೇಗಂ ಬಾಯಿ? ಆಕಿಗಿನ್ನೂ ಹದಿನಾರು. ಎಲೆಕ್ಷನ್ ರಿಸಲ್ಟ್ ಬರ್ಲಿ, ಪ್ಯಾಟಿ ಏರ್ತದಂತ ಎಲ್ಲಾರೂ ಅನ್ನಾಕತ್ತಾರ. ಜೂನ್‌ದಾಗ ಬರ್ತೇನಿ."

"ಕಾಗದದಾಗ ಹದಿನೆಂಟು ಅದ ಮಡೆಪ್ಪ."

"ಕಾಗದಕ್ಕೇನು ಗೊತ್ತು ನನ್ನ ಮಗಳ ವಯಸ್ಸು?"

ಫಲಿತಾಂಶ ಬಂತು. ಪೇಟೆ ಒಂದು ದಿನ ಬಿದ್ದು ಆಮೇಲೆ ಎದ್ದಿತು. ಮಡೆಪ್ಪ ಬಿಳಿ ಅಂಗಿ ತೊಟ್ಟು ಬಂದ, ಸಹಿಯೂ ಮಾಡಿದ. ಫಂಡ್ ಕಂಪನಿ ಅದನ್ನು ಹಾಗೇ ವಾಪಸ್ ಕಳಿಸಿತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ಖಾತೆದಾರರು ವಯಸ್ಕರಾಗಿದ್ದಾರೆ, ಪಾಲಕರ ಸಹಿ ನಡೆಯುವುದಿಲ್ಲ ಎಂದು ಬಂತು. ಅವನಿಗೆ ಅದನ್ನು ತಿರುಗಿಸಿ ತೋರಿಸಿದೆ. ಮುಖ ಸಪ್ಪಗಾಯಿತು. ಆಗ ಬಾಯಿ ಬಿಟ್ಟ.

ಸಿದ್ದೇಶ್ವರಿಯನ್ನು ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರು ವಯಸ್ಸು ಕೇಳಿದ್ದರಂತೆ. ಮಡೆಪ್ಪ ಅಲ್ಲೇ ನಿಂತು ಎಣಿಸಿದ. ಮಗಳು ಹುಟ್ಟಿದಾಗ ಅಜ್ಜಿ ಕೊಟ್ಟ ಕುರಿ ಏಳು ಸಲ ಈದಿತ್ತು. ಆದ್ದರಿಂದ "ಏಳು" ಎಂದ. ಮಾಸ್ತರರು ಏಳು ವರ್ಷ ಹಿಂದಿನ ಜೂನ್ ಒಂದು ಬರೆದುಕೊಂಡರು. ಆದರೆ ಮೇವು ಚೆನ್ನಾಗಿದ್ದರೆ ಕುರಿ ಎರಡು ವರ್ಷದಲ್ಲಿ ಮೂರು ಸಲ ಈಯುತ್ತದೆ. ಆ ಕುರಿ ಮೈತುಂಬಿಕೊಂಡ ಕುರಿ. ಏಳು ಸಲ ಈದದ್ದು ಅಂದರೆ ಐದು ವರ್ಷದ ಲೆಕ್ಕ. ಹುಡುಗಿ ಹುಟ್ಟಿದ್ದು ಎರಡು ಸಾವಿರದ ಎಂಟರ ಶಿವರಾತ್ರಿಯ ಹಿಂದೆ ಮುಂದೆ.

"ಮನಿಗಿ ಬಂದಾಗ ಅವ್ವ ಬೈದ್ಲರಿ, ಐದಕ್ಕ ಏಳು ಹೇಳಿ ಬಂದಿಯಲ್ಲೋ ಅಂತ. ಇರ್ಲಿ ಬಿಡು, ಜಲ್ದಿ ಸಾಲಿ ಸೇರಿದ್ಲು ಅಂದೆ. ತಿದ್ದಿಸಲಿಲ್ಲ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ. ಆಧಾರ್, ಹತ್ತನೇ ತರಗತಿ ಅಂಕಪಟ್ಟಿ, ಪ್ಯಾನ್, ಎಲ್ಲದರಲ್ಲೂ ಅದೇ ತಾರೀಖು ಇಳಿದಿತ್ತು. ಇನ್ನು ಕಾನೂನಿಗೆ ಅವಳು ಹದಿನೆಂಟರವಳೇ. ನಡೆ, ಅವಳ ಕಾಗದವನ್ನಾದರೂ ಸರಿ ಮಾಡೋಣ ಎಂದೆ.

ಜುಲೈನಲ್ಲಿ ಭಾಲ್ಕಿಗೆ ಹೋದೆ. ಹಾಸ್ಟೆಲಿನ ಮುಂದಿನ ಕಟ್ಟೆಯ ಮೇಲೆ ಕೂತು ಸಿದ್ದೇಶ್ವರಿಗೆ ಒಂದೊಂದೇ ಕಾಗದ ತಿಳಿಸಿ ಹೇಳಿದೆ. ಸಣ್ಣ ಮುಖ, ದೊಡ್ಡ ಕಣ್ಣು. ಸುಮ್ಮನೆ ತಲೆ ಆಡಿಸುವ ಹುಡುಗಿ ಅಲ್ಲ.

"ಇಷ್ಟ್ ದಿನ ಅಪ್ಪ ಮಾಡ್ತಿದ್ದ ಜೂನ್ ಕೆಲಸ ಅಂದ್ರ ಏನ್ರಿ ಆಂಟಿ?"

ಹೇಳಿದೆ. ಹೋದ ವರ್ಷ ಷೇರಿನ ಪಾಲು ಇಪ್ಪತ್ತೈದಕ್ಕೆ ಇಳಿದಿತ್ತು, ಪೇಟೆ ಏರಿ ಅದೇ ಇಪ್ಪತ್ತೆಂಟರ ಹತ್ತಿರ ಉಬ್ಬಿದೆ, ಹತ್ತಕ್ಕೆ ಇಳಿಸಬೇಕಿದೆ ಎಂದೆ.

"ಏರಾಕತ್ತದಲ್ರಿ, ಹಂಗಾದ್ರ ಹಂಗೇ ಬಿಟ್ರ ಏನಾಗ್ತದ?"

"ಇನ್ನೂ ಏರಬಹುದು, ಬೀಳಬಹುದು. ನನಗ ಗೊತ್ತಿಲ್ಲ, ಟಿ.ವಿ.ಯಾಗ ಮಾತಾಡೋರಿಗೂ ಗೊತ್ತಿಲ್ಲ. ನಿನ್ನ ಫೀಸ್ ತಾರೀಖು ಒಂದೇ ಗೊತ್ತದ."

ಅವಳು ಬೆರಳು ಮಡಿಸಿ ಹಿಂದಕ್ಕೆ ಎಣಿಸಿದಳು. "ಅಂದ್ರ ಈ ಮೆಟ್ಟಲೆಲ್ಲಾ ಆ ತಾರೀಖಿನಿಂದ ಹಿಂದಕ್ಕ ಎಣಿಸಿದ್ದು ಅನ್ರಿ. ತಾರೀಖು ಬದಲಾದ್ರ ಎಲ್ಲಾ ಬದಲಾಗ್ತದ."

ಇಪ್ಪತ್ತು ವರ್ಷ ಸರ್ಕಾರಿ ಸಂಬಳ ಎಣಿಸಿದವರಿಗೂ ನಾನು ಇದನ್ನು ಎರಡೆರಡು ಸಲ ಹೇಳಿದ್ದುಂಟು. ಹುಡುಗಿಯ ಬೆನ್ನು ತಟ್ಟಿ ಬಂದೆ.

ಕಾಗದಗಳು ಔರಾದಿನ ಬ್ಯಾಂಕಿನಲ್ಲಿ ಒಂದಿಷ್ಟು ದಿನ, ಫಂಡ್ ಕಂಪನಿಯಲ್ಲಿ ಒಂದಿಷ್ಟು ದಿನ ಕೂತವು. ಅಷ್ಟರಲ್ಲಿ ಶ್ರಾವಣದಲ್ಲಿ ಭೀಮಬಾಯಿ ತೀರಿಕೊಂಡಳು. ಮಲಗಿದವಳು ಏಳಲಿಲ್ಲ. ಸುದ್ದಿ ಕೇಳಿ ನನಗೆ ನಿಜವಾಗಿ ದುಃಖವಾಯಿತು. ಅವಳು ಕೂತ ಜಾಗವನ್ನು ಎರಡು ದಿನ ನೋಡಿ ನೋಡಿ ಕಣ್ಣು ಒದ್ದೆಯಾಯಿತು.

ಮರಣದ ಕಾರ್ಯವೆಲ್ಲ ಮುಗಿದ ಮೇಲೆ ಮಡೆಪ್ಪನ ಫೋನ್ ಬಂತು. ದನಿ ಬೇರೆಯಾಗಿತ್ತು.

"ಬೇಗಂ ಬಾಯಿ, ಎಲ್ಲಾ ರೊಕ್ಕ ಒಮ್ಮಿಗೇ ತಗದ್ರ ಎಷ್ಟು ದಿನದಾಗ ಬರ್ತದ್ರಿ?"

"ಯಾಕ?"

"ಮನಿಯೊಳಗ ಹಿರೇರು ಹೋದ್ರ ವರ್ಷದೊಳಗ ಒಂದು ಲಗ್ನ ಆಗಬೇಕಂತ್ರಿ. ಇಲ್ಲಂದ್ರ ಮೂರು ವರ್ಷ ಮಾಡಲಿಕ್ಕಿ ಬರಂಗಿಲ್ಲ. ಅಣ್ಣ ಸಾಯಗಾಂವದ್ದೊಂದು ಗಂಡಿನ ಮನಿ ನೋಡ್ಯಾನ. ಮಾಘದಾಗ ಮಾಡಬೇಕಂತಾನ. ನಮ್ಮ ಸಿದ್ದೇಶ್ವರಿದು."

ನನ್ನ ಪಿತ್ತ ನೆತ್ತಿಗೇರಿತು. ಹದಿನಾರು ಎಂದು ನನ್ನ ಮುಂದೆ ನಕ್ಕವನು ಇವನೇ. ಈಗ ಅದೇ ಕಾಗದ ಇವರಿಗೆ ಅನುಕೂಲವಾಯಿತು. ಕಾನೂನು ಕೇಳಿದರೆ ಹದಿನೆಂಟು ತೋರಿಸುತ್ತಾರೆ, ಯಾರೂ ಬಾಯಿ ಬಿಡುವ ಹಾಗಿಲ್ಲ. ಇವನ ಮಗಳಿಗೆ ಹದಿನೇಳೂ ತುಂಬಿರುವುದಿಲ್ಲ, ತಾಳಿ ಬಿದ್ದಿರುತ್ತದೆ.

ಸುಳ್ಳು ಹೇಳಬೇಕು ಎಂದು ಅಂದು ನನಗೆ ಅನಿಸಿತು. ಪೇಟೆ ಬಿದ್ದಿದೆ, ಈಗ ತೆಗೆದರೆ ಭಾರೀ ನುಕ್ಸಾನ್, ಎಂದರೆ ಮಡೆಪ್ಪ ನಂಬುತ್ತಿದ್ದ. ಎಲ್ಲವೂ ಷೇರಿನಲ್ಲಿದ್ದಿದ್ದರೆ ಅಂಥ ಮಾತಿಗೆ ಸ್ವಲ್ಪ ಬಣ್ಣವಾದರೂ ಇರುತ್ತಿತ್ತು. ಆದರೆ ಪೇಟೆ ಏರಿ ಕೂತಿತ್ತು. ಮೇಲಾಗಿ, ವರ್ಷ ವರ್ಷ ನಾನೇ ಕೈಹಿಡಿದು ಇಳಿಸಿದ ರೊಕ್ಕ, ಮುಕ್ಕಾಲು ಪಾಲಿನ ಹತ್ತಿರ, ಡೆಟ್ ಫಂಡ್‌ನಲ್ಲಿ ಬೆಚ್ಚಗೆ ಕೂತಿತ್ತು. ಕೇಳಿದರೆ ಎರಡು ದಿನಕ್ಕೆ ಬ್ಯಾಂಕಿಗೆ ಬರುತ್ತದೆ. ಓದಿಗೆ ಎಂದು ಹತ್ತಿರ ತಂದಿಟ್ಟದ್ದು ಲಗ್ನಕ್ಕೂ ಅಷ್ಟೇ ಹತ್ತಿರ ಎಂದು ಆವತ್ತೇ ನನಗೆ ಹೊಳೆದದ್ದು.

ಸುಳ್ಳು ಹೇಳಲಿಲ್ಲ. "ಖಾತಿ ಆಕಿ ಹೆಸರಿಗಿ ಆದ ಮ್ಯಾಲ ಎರಡು ಮೂರು ದಿನದಾಗ ಬರ್ತದ. ಆದ್ರ ಆಕಿ ಸಹಿ ಬೇಕು. ಆಕಿ ನನ್ನ ಮುಂದ ಬಂದು ತನ್ನ ಬಾಯಿಲೆ ಹೇಳಬೇಕು," ಎಂದೆ. "ಮತ್ತ ಕೇಳು ಮಡೆಪ್ಪ. ಆಕಿ ಖರೇ ವಯಸ್ಸು ನನಗೂ ಗೊತ್ತದ, ನಿನಗೂ ಗೊತ್ತದ."

ಅವನು ಫೋನ್ ಇಟ್ಟುಬಿಟ್ಟ.

ಸೆಪ್ಟೆಂಬರಿನ ಕೊನೆಯಲ್ಲಿ ಖಾತೆ ಸಿದ್ದೇಶ್ವರಿಯ ಹೆಸರಿಗೆ ಪೂರ್ತಿ ಬದಲಾಯಿತು. ಎರಡೇ ದಿನಕ್ಕೆ ಮೂವರು ನನ್ನ ಆಫೀಸಿಗೆ ಬಂದರು. ಮುಂದೆ ಮಡೆಪ್ಪನ ಅಣ್ಣ ಕಾಶೀರಾಮ, ದಪ್ಪ ಮೀಸೆ, ದೊಡ್ಡ ದನಿ. ಹಿಂದೆ ಮಡೆಪ್ಪ. ನಡುವೆ ಹುಡುಗಿ, ಹಾಸ್ಟೆಲಿನಿಂದ ನೇರ ಕರೆತಂದ ಹಾಗೆ ಕಾಲೇಜಿನ ಚೀಲ ಹೆಗಲಲ್ಲೇ ಇತ್ತು. ಕಾಶೀರಾಮ ಕುರ್ಚಿ ಎಳೆದುಕೊಂಡು ಕೂತ.

"ಎಲ್ಲಾ ತಗದುಬಿಡ್ರಿ ಬಾಯಿ. ಹುಡುಗಿ ಬಂದಾಳ, ಎಲ್ಲಿ ಸಹಿ ಬೇಕು ತೋರಿಸ್ರಿ."

ನಾನು ಅವನ ಕಡೆ ನೋಡಲೇ ಇಲ್ಲ. "ಸಿದ್ದೇಶ್ವರಿ, ಇದು ಈಗ ನಿನ್ನ ಖಾತಿ. ಅಪ್ಪನ ಮಾತೂ ನಡೆಯಂಗಿಲ್ಲ, ದೊಡ್ಡಪ್ಪನ ಮಾತೂ ನಡೆಯಂಗಿಲ್ಲ, ನನ್ನ ಮಾತೂ ನಡೆಯಂಗಿಲ್ಲ. ನೀ ಏನಂತಿ ಅದನ್ನ ಮಾಡ್ತೇನಿ. ತಗೀ ಅಂದ್ರ ತಗೀತೇನಿ."

ಆ ಕೊನೆಯ ಮಾತು ಹೇಳುವುದಕ್ಕೆ ನನಗೆ ಮನಸ್ಸಿರಲಿಲ್ಲ. ಹೇಳದೆ ವಿಧಿ ಇರಲಿಲ್ಲ. ಅವಳು ತೆಗೆಯಿರಿ ಎಂದರೆ ತೆಗೆಯಲೇಬೇಕು.

"ಹೇಳವ್ವ, ಎಲ್ಲಾ ತಗೀರಿ ಅನ್ನು," ಎಂದ ಕಾಶೀರಾಮ.

ಹುಡುಗಿ ನನ್ನನ್ನು ಕೇಳಿದಳು, "ಈ ವರ್ಷದ ಜೂನ್ ಕೆಲಸ ಆಗ್ಯಾದೇನ್ರಿ ಆಂಟಿ?"

"ಇಲ್ಲವ್ವ. ಖಾತಿ ಬಂದ್ ಇತ್ತಲ್ಲ, ಹಂಗೇ ಉಳದದ."

"ಮೊದಲ ಅದು ಮಾಡ್ರಿ."

"ಏ ಹುಚ್ಚಿ," ಕಾಶೀರಾಮನ ದನಿ ಏರಿತು. "ಈಗ ಜೂನ್ ಮಾತು ಯಾಕ? ಮಾಘದಾಗ ಲಗ್ನ ಅದ. ಸತ್ತ ಅವ್ವನ ಆತ್ಮಕ್ಕ ಶಾಂತಿ ಬ್ಯಾಡೇನು?"

"ಈ ರೊಕ್ಕ ಅಜ್ಜಿ ಕೊಟ್ಟ ಕುರಿದು ದೊಡ್ಡಪ್ಪಾ. ಆಕಿ ಇದಕ್ಕ ತಾರೀಖು ಇಟ್ಟಿದ್ಲು. ಆ ತಾರೀಖು ಮಾಘ ಅಲ್ಲ."

ಆಮೇಲೆ ಅವಳು ತಿರುಗಿ ಅಪ್ಪನನ್ನು ನೋಡಿದಳು.

"ಅಪ್ಪಾ, ನನಗ ಎಷ್ಟು ವಯಸ್ಸು?"

ಮಡೆಪ್ಪ ರುಮಾಲಿನ ತುದಿ ಹಿಡಿದು ನಿಂತಿದ್ದ.

"ಹದಿನೆಂಟು ಆಗ್ಯಾದ ಅಂದ್ರ ಈ ರೊಕ್ಕ ನನ್ನ ಸಹಿಗಿ ಸೇರಿದ್ದು, ನಾ ತಗ್ಯಾಂಗಿಲ್ಲ. ಆಗಿಲ್ಲ ಅಂದ್ರ ಲಗ್ನ ಆಗಂಗಿಲ್ಲ. ಎರಡರಾಗ ಯಾವುದು ಅಂತ ನೀನೇ ಹೇಳು."

ಹೊರಗೆ ಯಾರೋ ಬೈಕಿನ ಹಾರ್ನ್ ಒತ್ತುತ್ತಲೇ ಇದ್ದರು. ಮಡೆಪ್ಪ ನನ್ನ ಮೇಜಿನ ಕಾಲಿನ ಪಕ್ಕದ ನೆಲ ನೋಡುತ್ತಿದ್ದ. ಅವನ ತಾಯಿ ಕೂತಿದ್ದ ಜಾಗ ಅದು. ಅವನಿಗೆ ಅದು ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

"ಬೇಗಂ ಬಾಯಿ," ಎಂದ ಕೊನೆಗೆ. "ಆಕಿ ಹೇಳಿದ್ದು ಮಾಡ್ರಿ."

ಕಾಶೀರಾಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದ. ಹೋಗುವಾಗ ತಮ್ಮನಿಗೆ ಏನು ಅಂದ ಎಂಬುದನ್ನು ನಾನು ಬರೆಯುವುದಿಲ್ಲ. ನಾನು ಷೇರು ಫಂಡ್‌ನಿಂದ ಹತ್ತು ಪಾಲು ಉಳಿಸಿ ಮಿಕ್ಕದ್ದನ್ನು ಡೆಟ್ ಫಂಡ್‌ಗೆ ಬದಲಿಸುವ ಅರ್ಜಿ ಹಾಕಿದೆ. ಸಿದ್ದೇಶ್ವರಿಯ ಮೊಬೈಲಿಗೆ ಲಿಂಕ್ ಹೋಯಿತು, ಆಮೇಲೆ ಓ.ಟಿ.ಪಿ. ಬಂತು. ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಸರಿಯಾಯಿತು. ಮಡೆಪ್ಪ ಅವಳ ಹಿಂದೆ ನಿಂತು ನೋಡಿದ. ಅವನಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಮಗಳ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

ಆಮೇಲೆ ಎಂಟು ತಿಂಗಳು ಅವನ ಸುದ್ದಿ ಇಲ್ಲ. ಲಗ್ನ ಏನಾಯಿತು ಎಂದು ಭಾಲ್ಕಿಗೆ ಫೋನ್ ಮಾಡಿ ಹುಡುಗಿಯನ್ನು ಕೇಳಿದೆ. "ಯಾರೂ ಏನೂ ಮಾತಾಡ್ತಿಲ್ರಿ ಆಂಟಿ, ನಾ ಓದಾಕತ್ತೀನಿ" ಎಂದಳು. ಪೇಟೆ ಮಾತ್ರ ಅಕ್ಟೋಬರಿನಿಂದ ಇಳಿಯುವುದಕ್ಕೆ ಶುರು ಮಾಡಿ ಮಾರ್ಚ್ ತನಕ ಇಳಿಯಿತು. ನನ್ನ ಎಷ್ಟೋ ಗಿರಾಕಿಗಳು ಫೋನ್ ಮಾಡಿ ತಲೆ ತಿಂದರು. ಸಿದ್ದೇಶ್ವರಿಯ ಖಾತೆಯಲ್ಲಿ ಬೀಳುವುದಕ್ಕೆ ಉಳಿದದ್ದೇ ಹತ್ತು ಪಾಲು. ಅದೂ ಒಂದಿಷ್ಟು ಕರಗಿ, ಬೇಸಿಗೆಯಲ್ಲಿ ಮತ್ತೆ ಚೇತರಿಸಿತು. ಮೆಟ್ಟಿಲು ತಡವಾಗಿ ಇಳಿದದ್ದರಿಂದ ನಾಲ್ಕು ಕಾಸು ಹೆಚ್ಚೇ ಸಿಕ್ಕಿತ್ತು. ಅದು ನನ್ನ ಜಾಣತನವಲ್ಲ, ಅದೃಷ್ಟ. ತಡ ಮಾಡಿದವರಿಗೆಲ್ಲ ಹಾಗೇ ಆಗುತ್ತದೆ ಎಂದು ಯಾರೂ ತಿಳಿಯಬಾರದು.

ಎರಡು ಸಾವಿರದ ಇಪ್ಪತ್ತೈದರ ಜೂನ್ ಬಂತು. ಹುಡುಗಿ ಪಿಯುಸಿ ಪಾಸಾಗಿದ್ದಳು. ಬೀದರಿನ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ ಎರಡೂ ಮಾತಾಗಿದ್ದವು. ಕೊನೆಯ ಹತ್ತು ಪಾಲನ್ನೂ ಇಳಿಸಿದೆವು. ನಾಲ್ಕು ಲಕ್ಷ ಏಳರ ಹತ್ತಿರ ಬಂದಿತ್ತು. ಮೊದಲ ವರ್ಷದ ಶುಲ್ಕದಷ್ಟನ್ನು ಮಾತ್ರ ಅವಳ ಬ್ಯಾಂಕ್ ಖಾತೆಗೆ ತೆಗೆಸಿ, ಉಳಿದದ್ದನ್ನು ಡೆಟ್ ಫಂಡ್‌ನಲ್ಲೇ ಬಿಟ್ಟೆವು. ಮುಂದಿನ ವರ್ಷಗಳ ಶುಲ್ಕ ಬಂದ ಹಾಗೆ ಅಲ್ಲಿಂದ ಬರುತ್ತದೆ. ಇಷ್ಟಕ್ಕೂ ಅವಳು ನನ್ನ ಆಫೀಸಿಗೆ ಬರಬೇಕಾಗಲಿಲ್ಲ. ಎಲ್ಲವೂ ಮೊಬೈಲಿನಲ್ಲೇ ಆಯಿತು.

ಅವಳು ಶುಲ್ಕ ಕಟ್ಟುವ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಮಡೆಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಬಿಳಿ ಅಂಗಿ, ರುಮಾಲು, ತೊಗರಿ ಬೇಳೆಯ ಗಂಟು. ಮುಖ ಇಳಿದಿತ್ತು, ಗಡ್ಡ ಬೆಳ್ಳಗಾಗಿತ್ತು. ಒಳಗೆ ಬಂದು ಗಂಟನ್ನು ಮೇಜಿನ ಮೇಲಿಟ್ಟು ಎಂದಿನ ಕುರ್ಚಿಯಲ್ಲಿ ಕೂತ. ಜೇಬಿನಿಂದ ಪೆನ್ನು ತೆಗೆದ.

"ಎಲ್ಲಿ ಸಹಿ ಮಾಡಬೇಕ್ರಿ?"

"ಎಲ್ಲಿಯೂ ಇಲ್ಲ ಮಡೆಪ್ಪ. ಎಲ್ಲಾ ಆಗ್ಯಾದ. ಆಕಿನೇ ಮಾಡ್ಯಾಳ."

"ಹಾಂ ಹಾಂ, ಗೊತ್ತದ್ರಿ," ಎಂದ. ಗೊತ್ತಿತ್ತು, ಆದರೂ ಜೂನ್ ಬಂತೆಂದು ಕಾಲು ತಾನೇ ಬಸ್ಸು ಹತ್ತಿತ್ತು. ಪೆನ್ನನ್ನು ಜೇಬಿಗೆ ಇಟ್ಟುಕೊಂಡ. ಆಮೇಲೆ ಮಗಳಿಗೆ ಫೋನ್ ಹಚ್ಚಿದ. ಅವಳು ಕಾಲೇಜಿನ ಕೌಂಟರ್ ಮುಂದೆಯೇ ಇದ್ದಳು. "ಆಯ್ತೇನವ್ವ?" ಎಂದು ಕೇಳಿದ. ಆ ಕಡೆಯಿಂದ "ಆಯ್ತಪ್ಪ, ಪಾವತಿ ಚೀಟಿ ಕೈಯಾಗ ಬಂತು" ಎಂದದ್ದು ನನಗೂ ಕೇಳಿಸಿತು. ಫೋನ್ ಇಟ್ಟ ಮೇಲೂ ಅದನ್ನು ಅಂಗೈಯಲ್ಲೇ ಹಿಡಿದು ಕೂತಿದ್ದ.

ಇಷ್ಟು ತಿಂಗಳು ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. "ಸಾಯಗಾಂವದೋರಿಗಿ ಏನ್ ಹೇಳಿದಿ?"

"ಹದಿನಾರು ಅಂತ ಹೇಳಿದೆ. ಮಂದಿ ಕುಂತಿದ್ದ್ರು, ಎಲ್ಲಾರ ಮುಂದ ಹೇಳಿದೆ. ಸಾಲ್ಯಾಗ ಸುಳ್ಳು ಬರಸೀನಿ, ಕುರಿ ಈದದ್ದು ಎಣಿಸಿ ಹೇಳೀನಿ, ತಪ್ಪು ನಂದೇ ಅಂದೆ. ಅವರು ನಕ್ಕು ಎದ್ದು ಹೋದ್ರು, ಲಗ್ನ ಅಲ್ಲಿಗೇ ನಿಂತಿತು. ಅಣ್ಣ ನಗಲಿಲ್ಲ, ಅವತ್ತಿಲಿಂದ ಮಾತು ಬಿಟ್ಟಾನ. ಯುಗಾದಿಗೂ ಕರೀಲಿಲ್ಲ."

ಹೇಳುವಾಗ ಅವನ ಕಣ್ಣು ತುಂಬಿದ್ದವು. ಅಣ್ಣನನ್ನು ಬಿಟ್ಟು ಹಬ್ಬ ಮಾಡಿದವನಲ್ಲ ಮಡೆಪ್ಪ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಕ್ಕದ ಅಂಗಡಿಗೆ ಕೂಗಿ ಎರಡು ಚಹಾ ಹೇಳಿದೆ.

ಚಹಾ ಬಂತು. ಅವನು ಲೋಟ ಕೈಯಲ್ಲಿ ಹಿಡಿದು, ಯಾವಾಗಲೂ ಸಹಿ ಮಾಡುತ್ತಿದ್ದ ಮೇಜಿನ ಆ ಮೂಲೆಯನ್ನು ಒಮ್ಮೆ ಬೆರಳಿನಿಂದ ಒರೆಸಿದ.

"ಇಷ್ಟ್ ವರ್ಷ ಆಕಿ ಪರವಾಗಿ ಬರೇ ಸಹಿ ಮಾಡೀನಿ ಬೇಗಂ ಬಾಯಿ," ಎಂದ. "ಮಾತಾಡಿದ್ದು ಅದೊಂದೇ ಸಲ."